ಲೇಖಕರ ಧೋರಣೆ ಯಾವುದು? ಗದ್ಯಭಾಗದಲ್ಲಿ ಬರೆದಿರದ ಉತ್ತರವನ್ನು ಹಿಡಿಯುವ ಬಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಟಿಇಟಿ, ಕೆ-ಸೆಟ್, ಎಫ್‌ಡಿಎ ಪರೀಕ್ಷೆಗಳಿಗೆ ಓದುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಗದ್ಯಭಾಗದ ಉಳಿದ ಪ್ರಶ್ನೆಗಳು ಸರಿಯಾಗುತ್ತವೆ. 'ಲೇಖಕರ ಧೋರಣೆ ಯಾವುದು' ಅಂತ ಕೇಳಿದ್ದು ಮಾತ್ರ ಕೈಕೊಡುತ್ತದೆ. ನಾಲ್ಕು ಸಲ ಓದಿದರೂ ಉತ್ತರ ಎಲ್ಲೂ ಕಾಣುವುದಿಲ್ಲ. ಎಲ್ಲಿ ಹುಡುಕಬೇಕು?"

ಹುಡುಕುವ ಜಾಗ ತಪ್ಪಿದೆ, ಅಷ್ಟೆ. ನೀವು ವಾಕ್ಯ ಹುಡುಕುತ್ತಿದ್ದೀರಿ. ಧೋರಣೆ ಇರುವುದು ವಾಕ್ಯದೊಳಗಿನ ಸಣ್ಣಸಣ್ಣ ತುಣುಕುಗಳಲ್ಲಿ. 'ಈ ಸಲ ಭರವಸೆ ಸಿಕ್ಕಿತು' ಮತ್ತು 'ಈ ಸಲವೂ ಭರವಸೆ ಸಿಕ್ಕಿತು' ಎರಡರಲ್ಲೂ ಸುದ್ದಿ ಒಂದೇ. ಎರಡನೆಯದರಲ್ಲಿ ಬರೆದವರ ಮುಖ ಕಾಣುತ್ತದೆ. ಅದನ್ನು ಕಾಣಿಸಿದ್ದು ಒಂದು 'ಊ'. ಮನೆಯಲ್ಲಿ, ಕಟ್ಟೆಯ ಮೇಲೆ, ಬಸ್ಸಿನಲ್ಲಿ ಇದನ್ನು ನೀವು ಕ್ಷಣದಲ್ಲಿ ಹಿಡಿಯುತ್ತೀರಿ. ಪರೀಕ್ಷೆಯಲ್ಲಿ ಮಾಹಿತಿ ಹುಡುಕುವ ಅವಸರದಲ್ಲಿ ಅದರ ಮೇಲೆ ಕಣ್ಣು ಹಾರಿಸಿಕೊಂಡು ಹೋಗುತ್ತೀರಿ.

ಮೊದಲು ಪದಗಳು

ಧೋರಣೆ ಎಂದರೆ ಯಾವುದೋ ಒಂದು ವಿಷಯದ ಬಗ್ಗೆ ಬರೆದವರ ಒಲವು ಎತ್ತ, ಎಷ್ಟು ಎಂಬುದು. ಕೆಲವು ಪ್ರಶ್ನೆಪತ್ರಿಕೆಗಳು ಇದನ್ನೇ 'ನಿಲುವು', 'ಮನೋಭಾವ' ಎನ್ನುತ್ತವೆ. 'ಧಾಟಿ' ಎಂದೂ ಕೇಳಬಹುದು. ಅದು ಹೇಳುವ ದನಿಗೆ ಸಂಬಂಧಿಸಿದ್ದು, ಆದರೆ ಹುಡುಕುವ ದಾರಿ ಇದೇ. ತಾತ್ಪರ್ಯ ಬೇರೆ: ಅದು ಗದ್ಯಭಾಗ ಹೇಳುವ ಸಂಗತಿಯ ಸಾರ. ಉದ್ದೇಶವೂ ಬೇರೆ: ಅದು ಯಾಕೆ ಬರೆದರು ಎಂಬುದು. 'ಕಾಲುವೆಯ ಕೊನೆಗೆ ನೀರು ಮುಟ್ಟುತ್ತಿಲ್ಲ' ತಾತ್ಪರ್ಯ. 'ಸಮಸ್ಯೆಯನ್ನು ಓದುಗರ ಗಮನಕ್ಕೆ ತರುವುದು' ಉದ್ದೇಶ. 'ಅಧಿಕಾರಿಗಳ ಭರವಸೆಯ ಬಗ್ಗೆ ಅವಿಶ್ವಾಸ' ಧೋರಣೆ. ಧೋರಣೆಯ ಪ್ರಶ್ನೆಗೆ ತಾತ್ಪರ್ಯವನ್ನು ಗುರುತು ಮಾಡಿ ಬರುವವರು ಬಹಳ ಜನ, ಏಕೆಂದರೆ ತಾತ್ಪರ್ಯದ ಆಯ್ಕೆ ಓದಲು ನಿಜವಾಗಿಯೇ ಇರುತ್ತದೆ.

ಕೆಳಗಿನ ಹಂತಗಳಿಗೆಲ್ಲ ಒಂದೇ ಮಾದರಿ ಬಳಸುತ್ತೇವೆ. ಇದು ಈ ಲೇಖನಕ್ಕಾಗಿ ಬರೆದದ್ದು. ವಾಕ್ಯಗಳಿಗೆ ಸಂಖ್ಯೆ ಕೊಟ್ಟಿದೆ. ಮೊದಲು ಒಮ್ಮೆ ಓದಿಬಿಡಿ.

> (1) ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದಾಗ ಬಹುಪಾಲು ಜಮೀನಿಗೆ ಕಡಿಮೆ ನೀರಿನ ಬೆಳೆ ಎಂಬ ಲೆಕ್ಕವಿತ್ತು. (2) ಕಾಲುವೆಯ ಮೇಲ್ಭಾಗದಲ್ಲಿ ಇಂದು ಕಣ್ಣು ಹಾಯಿಸಿದಷ್ಟೂ ಭತ್ತ. (3) ಭತ್ತಕ್ಕೆ ಗಿರಣಿ ಹತ್ತಿರ, ಕೊಳ್ಳುವವರು ಖಚಿತ, ವರ್ಷಗಟ್ಟಲೆ ನೀರು ನಿಂತ ಹೊಲದಲ್ಲಿ ಬೇರೆ ಬೆಳೆ ಏಳುವುದೂ ಕಷ್ಟ. ಬೆಳೆಯುವವರಿಗೆ ಅವರದೇ ಕಾರಣಗಳಿವೆ. (4) ಕೆಳಭಾಗಕ್ಕೆ ನೀರು ಮುಟ್ಟಲಿಲ್ಲ ಎಂಬ ಕೂಗು ಎದ್ದಾಗ ಸಭೆ ಸೇರುತ್ತದೆ, ಗೇಜ್ ಕಾಯ್ದುಕೊಳ್ಳುವ ಭರವಸೆ ಈ ವರ್ಷವೂ ಸಿಗುತ್ತದೆ. (5) ಸಭೆಯ ನಡಾವಳಿಯಲ್ಲಿ ನೀರು ಕೊನೆಯ ತೂಬಿನವರೆಗೂ ಹರಿದಿರುತ್ತದೆ. (6) ಮಾನ್ವಿಯ ಆಚೆಯ ರೈತ ಮಾತ್ರ ಸಸಿಮಡಿಯ ಬದುವಿನ ಮೇಲೆ ನಿಂತು ಕಾಲುವೆಯ ಕಡೆಗೇ ನೋಡುತ್ತಿರುತ್ತಾನೆ. (7) ಮೇಲಿನವರನ್ನು ಬೈದರೆ ಕೆಳಗೆ ನೀರು ಬರುವುದಿಲ್ಲ. ಯಾವ ತೂಬಿಗೆ ಎಷ್ಟು ಬಿಟ್ಟರು ಎಂಬ ಲೆಕ್ಕವನ್ನು ಊರ ಮುಂದೆ ತೆರೆದಿಟ್ಟರೆ ಬಂದೀತು.

ಪದಗಳ ಅರ್ಥ ಗೊತ್ತಿಲ್ಲದವರಿಗೆ: ತೂಬು ಎಂದರೆ ಕಾಲುವೆಯಿಂದ ಹೊಲಗಳ ಕಡೆ ನೀರು ಬಿಡುವ ಬಾಯಿ, ಗೇಜ್ ಎಂದರೆ ಕಾಲುವೆಯಲ್ಲಿ ನೀರು ಎಷ್ಟು ಎತ್ತರಕ್ಕಿದೆ ಎಂಬ ಅಳತೆ, ನಡಾವಳಿ ಎಂದರೆ ಸಭೆಯಲ್ಲಿ ಆದದ್ದನ್ನು ಬರೆದಿಟ್ಟ ದಾಖಲೆ.

1. ಯಾರ ಬಗ್ಗೆ ಎಂದು ಕೇಳಿದ್ದಾರೆ?

ಪ್ರಶ್ನೆಯನ್ನು ಗದ್ಯಭಾಗಕ್ಕಿಂತ ಮೊದಲು ಓದಿ, 'ಬಗ್ಗೆ', 'ಕುರಿತು' ಎಂಬ ಪದದ ಹಿಂದೆ ಏನಿದೆ ನೋಡಿ. ಧೋರಣೆಗೆ ಯಾವಾಗಲೂ ಒಂದು ಗುರಿ ಇರುತ್ತದೆ. ಮಾದರಿಯಲ್ಲಿ ಕನಿಷ್ಠ ನಾಲ್ಕು ಗುರಿಗಳಿವೆ: ಮೇಲ್ಭಾಗದ ಭತ್ತ ಬೆಳೆಗಾರರು, ಸಭೆ ನಡೆಸುವವರು, ಕೆಳಭಾಗದ ರೈತ, ಲೆಕ್ಕ ತೆರೆದಿಡುವ ಪರಿಹಾರ. ನಾಲ್ಕರ ಬಗ್ಗೆಯೂ ಲೇಖಕರ ಭಾವ ಬೇರೆಬೇರೆ. ತಪ್ಪು ಉತ್ತರಗಳಲ್ಲಿ ಒಂದಾದರೂ ಸಾಮಾನ್ಯವಾಗಿ ಇಲ್ಲಿಂದಲೇ ಹುಟ್ಟುತ್ತದೆ: ಸಭೆಯ ಬಗ್ಗೆ ಇರುವ ಭಾವವನ್ನು ಎತ್ತಿ ರೈತರ ಬಗ್ಗೆ ಕೇಳಿದ ಪ್ರಶ್ನೆಯ ಕೆಳಗೆ ಇಟ್ಟಿರುತ್ತಾರೆ. ಗದ್ಯಭಾಗದಲ್ಲಿ ಆ ಭಾವ ಇರುವುದು ನಿಜವಾದ್ದರಿಂದ ನಿಮಗೆ ಅನುಮಾನವೇ ಬರುವುದಿಲ್ಲ.

ಗುರಿ ಗೊತ್ತಾದ ಮೇಲೆ ಅದಕ್ಕೆ ಸಂಬಂಧಿಸಿದ ವಾಕ್ಯಗಳ ಸಂಖ್ಯೆ ಮಾತ್ರ ಇಟ್ಟುಕೊಳ್ಳಿ. ಭತ್ತ ಬೆಳೆಗಾರರಿಗೆ 2, 3 ಮತ್ತು 7ರ ಮೊದಲರ್ಧ. ಸಭೆಗೆ 4, 5, ಜೊತೆಗೆ 6. 'ಒಟ್ಟಾರೆ ಧೋರಣೆ' ಎಂದು ಕೇಳಿದರೆ ಎಲ್ಲ ವಾಕ್ಯಗಳೂ ಬೇಕು, ಕೊನೆಯ ವಾಕ್ಯಕ್ಕೆ ತೂಕ ಹೆಚ್ಚು.

2. ಮಾತು ಯಾರದು?

ಗದ್ಯಭಾಗದಲ್ಲಿರುವ ಎಲ್ಲ ಅಭಿಪ್ರಾಯವೂ ಲೇಖಕರದಲ್ಲ. ಬೇರೆಯವರ ಮಾತನ್ನು ತಂದು ಹಾಕಿದಾಗ ಕನ್ನಡದಲ್ಲಿ ಅದಕ್ಕೊಂದು ಬೇಲಿ ಇರುತ್ತದೆ: 'ಎಂದು', 'ಎಂಬ', 'ಪ್ರಕಾರ', 'ಎನ್ನಲಾಗಿದೆ', 'ಅಂತೆ'. ಬೇಲಿಯೊಳಗಿನ ಭಾವ ಆ ಮಾತಾಡಿದವರದು. ಮಾದರಿಯ 4ನೇ ವಾಕ್ಯದಲ್ಲಿ 'ನೀರು ಮುಟ್ಟಲಿಲ್ಲ' ಎಂಬುದು ರೈತರ ಕೂಗು, ಕೂಗಿದವರು ಲೇಖಕರಲ್ಲ. ಲೇಖಕರಿಗೆ ಆಕ್ರೋಶವಿದೆ ಎನ್ನಲು ಇದನ್ನು ಸಾಕ್ಷಿ ಮಾಡಲಾಗದು.

ಬೇಲಿ ಹಾಕಿದ ರೀತಿಯೂ ಸುಳಿವು ಕೊಡುತ್ತದೆ. ಕ್ರಿಯಾಪದ ಬದಲಾದಂತೆ ಲೇಖಕರು ಆ ಮಾತನ್ನು ಎಷ್ಟು ನಂಬುತ್ತಾರೆ ಎಂಬುದು ಬದಲಾಗುತ್ತದೆ. 'ಕಾಮಗಾರಿ ಮುಗಿದಿದೆ ಎಂದು ಹೇಳಿದರು' ಎಂಬುದರಲ್ಲಿ ಭಾವವಿಲ್ಲ. 'ಹೇಳಿಕೊಂಡರು' ಎಂದರೆ ಹೇಳಿದವರಿಗೆ ಅದರಿಂದ ಲಾಭವಿದೆ, ನಂಬುವ ಮೊದಲು ಯೋಚಿಸಿ ಎಂದಂತೆ. 'ಹೇಳಿಬಿಟ್ಟರು' ಎಂದರೆ ಯೋಚಿಸದೆ ಅಥವಾ ಅವಸರದಲ್ಲಿ ಆಡಿದ ಮಾತು ಎಂಬ ಸಣ್ಣ ಆಕ್ಷೇಪ. 'ಒಪ್ಪಿಕೊಂಡರು' ಎಂದರೆ ಒಳಗಿನ ಸಂಗತಿ ನಿಜವೆಂದೇ ಲೇಖಕರು ಭಾವಿಸಿದ್ದಾರೆ. ಇನ್ನು 'ಮುಗಿದಿದೆಯಂತೆ' ಎಂದರೆ ನಾನು ನೋಡಿಲ್ಲ, ಹೊಣೆ ನನ್ನದಲ್ಲ ಎಂದು ಕೈ ತೊಳೆದುಕೊಂಡಂತೆ. ಸಂದರ್ಭ ಖಾರವಾಗಿದ್ದರೆ ಅದೇ 'ಅಂತೆ' ಚುಚ್ಚುವ ಮಾತಾಗುತ್ತದೆ.

ಒಂದು ಎಚ್ಚರಿಕೆ. 'ಎನ್ನಲಾಗಿದೆ' ಕಂಡ ಕೂಡಲೇ ಲೇಖಕರಿಗೆ ಸಂದೇಹ ಎಂದು ತೀರ್ಮಾನಿಸಬೇಡಿ. ಪತ್ರಿಕೆಗಳ ಸುದ್ದಿ ಬರವಣಿಗೆಯಲ್ಲಿ ಅದು ರೂಢಿಯ ಪದ, ಖಚಿತವಾಗದ ವಿವರವನ್ನು ಹಾಗೆ ಬರೆಯುತ್ತಾರೆ. ಇನ್ನೊಂದು ಸುಳಿವು ಜೊತೆಗೆ ಸಿಕ್ಕರೆ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

3. ತೆಗೆದು ನೋಡಿ

ಇದೇ ಮುಖ್ಯ ಹಂತ, ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಗುರಿಗೆ ಸೇರಿದ ವಾಕ್ಯದಿಂದ ಒಂದೊಂದೇ ತುಣುಕನ್ನು ಮನಸ್ಸಿನಲ್ಲೇ ತೆಗೆದುಹಾಕಿ. ತೆಗೆದಾಗ ಸುದ್ದಿ ಕೆಟ್ಟರೆ ಅದು ಮಾಹಿತಿ. ಸುದ್ದಿ ಹಾಗೇ ಉಳಿದು ಮಾತಿನ ರುಚಿ ಮಾತ್ರ ಹೋದರೆ ಆ ತುಣುಕಿನಲ್ಲೇ ಧೋರಣೆ ಇದೆ.

6ನೇ ವಾಕ್ಯದಲ್ಲಿ ಮಾಡಿ ನೋಡೋಣ. 'ಮಾನ್ವಿಯ ಆಚೆಯ ರೈತ ಮಾತ್ರ ... ಕಾಲುವೆಯ ಕಡೆಗೇ ನೋಡುತ್ತಿರುತ್ತಾನೆ.' 'ಮಾನ್ವಿಯ ಆಚೆಯ' ತೆಗೆದರೆ ಯಾವ ರೈತ ಎಂಬುದೇ ಹೋಗುತ್ತದೆ, ಅದು ಮಾಹಿತಿ. 'ಮಾತ್ರ' ತೆಗೆಯಿರಿ: ರೈತ ಕಾಲುವೆ ನೋಡುತ್ತಿದ್ದಾನೆ ಎಂಬ ಸುದ್ದಿ ಉಳಿಯುತ್ತದೆ, ಆದರೆ ಹಿಂದಿನ ವಾಕ್ಯದೊಂದಿಗಿನ ಜಗಳ ಕಳೆದುಹೋಗುತ್ತದೆ. ಕಾಗದದಲ್ಲಿ ನೀರು ಹರಿದಿದೆ, ಹೊಲದಲ್ಲಿ ಹರಿದಿಲ್ಲ ಎಂದು ಎರಡನ್ನೂ ಎದುರುಬದುರು ನಿಲ್ಲಿಸಿದ್ದು ಆ 'ಮಾತ್ರ'. 'ಕಡೆಗೇ' ಎಂಬುದರ 'ಏ' ತೆಗೆಯಿರಿ: ಬೇರೆ ದಾರಿಯಿಲ್ಲದೆ ಕಾಯುತ್ತಿರುವ ಭಾವ ಹೋಗುತ್ತದೆ. ಹೀಗೆ ಒಂದೇ ವಾಕ್ಯದಲ್ಲಿ 'ಮಾತ್ರ' ಸಭೆಯನ್ನು ಚುಚ್ಚಿದರೆ 'ಏ' ರೈತನ ಮೇಲೆ ಕನಿಕರ ತೋರಿಸಿತು. ಗುರಿ ಯಾವುದು ಎಂದು ಮೊದಲೇ ಕೇಳಿಕೊಳ್ಳಿ ಎಂದದ್ದು ಇದಕ್ಕೇ.

ತೆಗೆದು ನೋಡಲು ಯೋಗ್ಯವಾದ ತುಣುಕುಗಳು ಕನ್ನಡದಲ್ಲಿ ಲೆಕ್ಕವಿಲ್ಲದಷ್ಟಿಲ್ಲ. 'ಊ' ಸೇರಿದಾಗ ಕಾಲಸೂಚಕ ಪದದ ಮೇಲೆ ಕಣ್ಣಿಡಿ: 'ಈ ವರ್ಷವೂ', 'ಇಂದಿಗೂ', 'ಇನ್ನೂ' ಎಲ್ಲವೂ ಸಾಮಾನ್ಯವಾಗಿ ಬೇಸರದ ಕಡೆಗೆ ವಾಲುತ್ತವೆ. ಆದರೆ 'ಅವರೂ ಬಂದರು' ಎಂಬಲ್ಲಿನ 'ಊ' ಬರೀ ಜೊತೆ ಸೇರಿಸುವುದು, ಅದರಲ್ಲಿ ಭಾವ ಹುಡುಕಬೇಡಿ. 'ಏನೋ' ಬಹಳ ಚತುರ ತುಣುಕು. 'ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ' ಎಂದರೆ ಸುದ್ದಿ ಮುಗಿಯಿತು. 'ಮಾನ್ಯತೆಯೇನೋ ಸಿಕ್ಕಿದೆ' ಎಂದ ತಕ್ಷಣ ಓದುವವರು ಮುಂದಿನ 'ಆದರೆ'ಗೆ ಕಾಯುತ್ತಾರೆ. ಅದು ಬರದಿದ್ದರೂ ಅತೃಪ್ತಿ ದಾಖಲಾಗಿಹೋಗಿದೆ. (ಭೌಗೋಳಿಕ ಸೂಚಕ ಎಂದರೆ ಒಂದು ಊರು, ಸೀಮೆಯ ಹೆಸರಿನಲ್ಲೇ ಪ್ರಸಿದ್ಧವಾದ ವಸ್ತುವಿಗೆ ಕಾನೂನು ಕೊಡುವ ರಕ್ಷಣೆ.) 'ಅಷ್ಟೆ', 'ಪಾಪ', 'ಕೊನೆಗೂ', 'ಕಡೇಪಕ್ಷ', 'ಹಾಗೆ ನೋಡಿದರೆ' ಇವೂ ಇದೇ ಜಾತಿಯವು. 'ಕೊನೆಗೂ ರಸ್ತೆ ಆಯಿತು' ಎಂಬಲ್ಲಿ ಸಮಾಧಾನವೂ ಇದೆ, ತಡವಾದದ್ದರ ದೂರೂ ಇದೆ. ಆಯ್ಕೆಗಳಲ್ಲಿ ಬರೀ 'ಸಂತೋಷ' ಮತ್ತು 'ಅಸಮಾಧಾನ ಬೆರೆತ ಸಮಾಧಾನ' ಎರಡೂ ಇದ್ದರೆ ಎರಡನೆಯದು ಹೆಚ್ಚು ಸರಿ.

ಕ್ರಿಯಾಪದದ ರೂಪವನ್ನು ತೆಗೆಯಲಾಗುವುದಿಲ್ಲ, ಬದಲಿಸಿ ನೋಡಬೇಕು. 7ನೇ ವಾಕ್ಯದ ಕೊನೆಯ ಪದ 'ಬಂದೀತು'. ವ್ಯಾಕರಣದಲ್ಲಿ ಇದನ್ನು ಸಂಭಾವನಾರ್ಥಕ ಎನ್ನುತ್ತಾರೆ, ಅಂದರೆ ಆಗುವ ಸಾಧ್ಯತೆಯನ್ನು ಊಹಿಸಿ ಹೇಳುವ ರೂಪ. 'ಬರುತ್ತದೆ' ಎಂದಿದ್ದರೆ ಲೇಖಕರಿಗೆ ಖಾತ್ರಿ ಇದೆ. 'ಬರಲೇಬೇಕು' ಎಂದಿದ್ದರೆ ಒತ್ತಾಯ. 'ಬಂದೀತು' ಎಂದಾಗ ನಂಬಿಕೆ ಇದೆ, ಜೊತೆಗೆ ಹುಷಾರೂ ಇದೆ. ಪರಿಹಾರದ ಬಗ್ಗೆ ಕೇಳಿದ ಪ್ರಶ್ನೆಯ ಉತ್ತರ ಪೂರ್ತಿ ಈ ಒಂದು ಪದದಲ್ಲಿದೆ.

ಪದದ ಆಯ್ಕೆಯನ್ನೂ ಇದೇ ರೀತಿ ಬದಲಿಸಿ ನೋಡಬಹುದು. ಒಂದೇ ಜಮೀನನ್ನು ಒಬ್ಬರು 'ಒತ್ತುವರಿ' ಎಂದರೆ ಇನ್ನೊಬ್ಬರು 'ಬಗರ್‌ಹುಕುಂ ಸಾಗುವಳಿ' ಎನ್ನುತ್ತಾರೆ. ಅನುಮತಿಯಿಲ್ಲದೆ ಸರ್ಕಾರಿ ಜಮೀನು ಉಳುವುದನ್ನೇ ಎರಡೂ ಸೂಚಿಸಬಹುದು. ಮೊದಲನೆಯದರಲ್ಲಿ ತಪ್ಪಿತಸ್ಥ ಕಾಣುತ್ತಾನೆ, ಎರಡನೆಯದರಲ್ಲಿ ದುಡಿಯುವವ ಕಾಣುತ್ತಾನೆ. ಸಂಡೂರಿನ ಬೆಟ್ಟದ ಬಗ್ಗೆ ಬರೆಯುವಾಗ 'ಅದಿರು ತೆಗೆದರು' ಮತ್ತು 'ಬೆಟ್ಟ ಬಗೆದರು' ಎಂಬುದರ ನಡುವೆ ಇರುವ ಅಂತರವೂ ಅದೇ.

4. ತಕ್ಕಡಿ ಕೊನೆಗೆ ಎತ್ತ ಬಾಗಿತು?

ಒಂದೇ ಗುರಿಯ ಬಗ್ಗೆ ಲೇಖಕರು ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳಿದ್ದರೆ 'ಆದರೆ' ಎಲ್ಲಿದೆ ನೋಡಿ. 'ಕೆಲಸ ನಿಧಾನ, ಆದರೆ ಗಟ್ಟಿ' ಎಂದವರು ಮೆಚ್ಚಿದ್ದಾರೆ. 'ಕೆಲಸ ಗಟ್ಟಿ, ಆದರೆ ನಿಧಾನ' ಎಂದವರು ದೂರುತ್ತಿದ್ದಾರೆ. ಮಾತಿನ ಭಾರ 'ಆದರೆ'ಯ ನಂತರ ಬೀಳುತ್ತದೆ. 'ಆದರೂ', 'ಹಾಗಿದ್ದೂ', 'ಏನೇ ಇರಲಿ' ಬಂದರೂ ಹಾಗೆಯೇ. 'ನಿಜ', 'ಒಪ್ಪತಕ್ಕದ್ದೇ', 'ಇರಬಹುದು' ಎಂದು ಶುರುವಾದ ವಾಕ್ಯ ಮಾತ್ರ ಬಿಟ್ಟುಕೊಡುವ ವಾಕ್ಯ; ಲೇಖಕರು ಎದುರಿನವರಿಗೆ ಒಂದು ಹೆಜ್ಜೆ ಜಾಗ ಕೊಟ್ಟು ಮುಂದೆ ತಮ್ಮ ಮಾತನ್ನು ತರುತ್ತಾರೆ. ಅವಸರದಲ್ಲಿ ಓದುವವರು ಆ ಬಿಟ್ಟುಕೊಟ್ಟ ವಾಕ್ಯವನ್ನೇ ನಿಲುವು ಎಂದು ತಿಳಿಯುತ್ತಾರೆ.

ಮಾದರಿಯಲ್ಲಿ ಒಂದೂ 'ಆದರೆ' ಇಲ್ಲ ಎಂಬುದನ್ನು ಗಮನಿಸಿದಿರಾ? ನುರಿತವರ ಬರವಣಿಗೆಯಲ್ಲಿ ಹೀಗಾಗುತ್ತದೆ. 1 ಮತ್ತು 2ನೇ ವಾಕ್ಯಗಳ ನಡುವೆ, 5 ಮತ್ತು 6ರ ನಡುವೆ ಕಾಣದ 'ಆದರೆ' ಇದೆ. ಎರಡು ವಾಕ್ಯಗಳನ್ನು ಸೇರಿಸಿ ಓದುವಾಗ ನಡುವೆ 'ಆದರೆ' ಹಾಕಿದರೆ ಸಲೀಸಾಗಿ ಕೂರುತ್ತದೆಯೇ, 'ಆದ್ದರಿಂದ' ಹಾಕಿದರೆ ಕೂರುತ್ತದೆಯೇ ಎಂದು ಪರೀಕ್ಷಿಸಿ.

5. ಆಯ್ಕೆ ನೋಡುವ ಮೊದಲು ನಿಮ್ಮ ಮಾತಿನಲ್ಲಿ ಹೇಳಿ

ಎರಡು ಮೂರು ಪದ ಸಾಕು. 'ಬೈಯುತ್ತಿಲ್ಲ, ಹೊಗಳುತ್ತಲೂ ಇಲ್ಲ', 'ನಗುತ್ತಾ ಕುಟುಕುತ್ತಿದ್ದಾರೆ' ಎಂಬಂತೆ, ಊರ ಮಾತಿನಲ್ಲೇ. ಆಯ್ಕೆಗಳನ್ನು ಮೊದಲೇ ಓದಿದರೆ ಅವುಗಳ ಭಾರೀ ಪದಗಳು ತಲೆಯಲ್ಲಿ ಕುಳಿತು ಗದ್ಯಭಾಗದಲ್ಲಿ ಇಲ್ಲದ್ದನ್ನು ಕಾಣಿಸುತ್ತವೆ.

ಈಗ ಆಯ್ಕೆಗಳಿಗೆ ಬನ್ನಿ. ಮೊದಲ ಪ್ರಶ್ನೆ: *ಮೇಲ್ಭಾಗದ ಭತ್ತ ಬೆಳೆಗಾರರ ಬಗ್ಗೆ ಲೇಖಕರ ಧೋರಣೆ ಯಾವುದು?*

ಅ) ತೀವ್ರ ಖಂಡನೆ
ಆ) ಸಂಪೂರ್ಣ ಸಮರ್ಥನೆ
ಇ) ಸಮರ್ಥಿಸದಿದ್ದರೂ ಅರ್ಥಮಾಡಿಕೊಳ್ಳುವ ಭಾವ
ಈ) ವ್ಯಂಗ್ಯ ಬೆರೆತ ಅವಿಶ್ವಾಸ

ಸಂಬಂಧಿಸಿದ ವಾಕ್ಯಗಳು 2, 3, 7. 2ನೇ ವಾಕ್ಯ 1ರ ಪಕ್ಕದಲ್ಲಿ ನಿಂತು, ಯೋಜಿಸಿದ್ದು ಒಂದು ಆದದ್ದು ಇನ್ನೊಂದು ಎನ್ನುತ್ತದೆ. ಹಾಗಾಗಿ 'ಆ' ಬಿತ್ತು. 3ರಲ್ಲಿ ಮೂರು ಕಾರಣ ಕೊಟ್ಟು 'ಅವರದೇ ಕಾರಣಗಳಿವೆ' ಎಂದಿದ್ದಾರೆ. 7ರಲ್ಲಿ ಬೈಯುವುದರಿಂದ ಉಪಯೋಗವಿಲ್ಲ ಎಂದಿದ್ದಾರೆ, 'ಅ' ಬಿತ್ತು. 'ಈ' ಗದ್ಯಭಾಗದಲ್ಲಿ ಇರುವ ಭಾವವೇ, ಆದರೆ ಅದರ ಗುರಿ ಸಭೆ. ಉತ್ತರ 'ಇ'. ಇಲ್ಲೊಂದು ಸೂಕ್ಷ್ಮವಿದೆ: 'ಅವರದೇ ಕಾರಣಗಳಿವೆ' ಎಂಬುದು 'ಅವರು ಮಾಡುವುದು ಸರಿ' ಎಂದಂತಲ್ಲ. ಆ 'ಏ' ಕಾರಣವನ್ನು ಒಪ್ಪುತ್ತಲೇ ಅದನ್ನು ಅವರ ಬಳಿಯೇ ಬಿಡುತ್ತದೆ.

ಎರಡನೆಯ ಪ್ರಶ್ನೆ: *ಸಭೆಗಳ ಕುರಿತು ಲೇಖಕರ ಧೋರಣೆ?* ಆಯ್ಕೆಗಳು: ಆಕ್ರೋಶ, ವ್ಯಂಗ್ಯ ಬೆರೆತ ಅವಿಶ್ವಾಸ, ತಟಸ್ಥ ವರದಿ, ಎಚ್ಚರಿಕೆಯ ಭರವಸೆ. 5ನೇ ವಾಕ್ಯವನ್ನು ಅಕ್ಷರಶಃ ಓದಿದರೆ ಹೊಗಳಿಕೆ: ಕೊನೆಯ ತೂಬಿನವರೆಗೂ ನೀರು ಹರಿದಿದೆ! ಆದರೆ ಎಲ್ಲಿ? 'ನಡಾವಳಿಯಲ್ಲಿ'. ಮುಂದಿನ ವಾಕ್ಯದಲ್ಲಿ ರೈತ ಒಣ ಕಾಲುವೆ ನೋಡುತ್ತಿದ್ದಾನೆ. ಹೇಳಿದ ಮಾತು ಮತ್ತು ತೋರಿಸಿದ ಸಂಗತಿ ಒಂದಕ್ಕೊಂದು ಹೊಂದದಿದ್ದರೆ, ಲೇಖಕರು ನಿಮಗೆ ನಂಬಿ ಎನ್ನುವುದು ತೋರಿಸಿದ ಸಂಗತಿಯನ್ನು. ಅದೇ ವ್ಯಂಗ್ಯ. 'ಆಕ್ರೋಶ' ಯಾಕೆ ಅಲ್ಲ? ಬೈಗುಳವಿಲ್ಲ, ಪ್ರಶ್ನೆಗಳ ಮಳೆಯಿಲ್ಲ, 'ಛೇ' ಇಲ್ಲ, ದನಿ ತಣ್ಣಗಿದೆ. ದಿಕ್ಕು ಸರಿ, ಪ್ರಮಾಣ ಹೆಚ್ಚಾಯಿತು.

ಮೂರನೆಯದು: *ಗದ್ಯಭಾಗದ ಒಟ್ಟಾರೆ ಧೋರಣೆ?* ನಿರಾಶೆ, ಷರತ್ತಿಗೆ ಒಳಪಟ್ಟ ಆಶಾವಾದ, ಉದಾಸೀನ, ಉತ್ಸಾಹ. 4ರಿಂದ 6ರವರೆಗೆ ಓದಿದವರು 'ನಿರಾಶೆ' ಎನ್ನುತ್ತಾರೆ. 7ರಲ್ಲಿ 'ತೆರೆದಿಟ್ಟರೆ' ಎಂಬ ಷರತ್ತು, 'ಬಂದೀತು' ಎಂಬ ಹುಷಾರಾದ ನಂಬಿಕೆ ಎರಡೂ ಇವೆ. ಉತ್ತರ ಷರತ್ತಿಗೆ ಒಳಪಟ್ಟ ಆಶಾವಾದ. 7ನೇ ವಾಕ್ಯವೇ ಇಲ್ಲದಿದ್ದರೆ 'ನಿರಾಶೆ'ಯೇ ಸರಿಯಾಗುತ್ತಿತ್ತು.

ಎರಡು ಆಯ್ಕೆಗಳ ನಡುವೆ ಸಿಕ್ಕಿಕೊಂಡರೆ

ಎರಡೂ ಒಂದೇ ದಿಕ್ಕಿನವಾದರೆ ಬೇರೆಯಾಗುವುದು ಪ್ರಮಾಣದಲ್ಲಿ. ಅವನ್ನು ಮೆಟ್ಟಿಲುಗಳಂತೆ ಜೋಡಿಸಿ: ಸಂದೇಹ, ಅಸಮಾಧಾನ, ಆಕ್ಷೇಪ, ಖಂಡನೆ, ಆಕ್ರೋಶ. ಅತ್ತ ಕಡೆ: ಒಪ್ಪಿಗೆ, ಮೆಚ್ಚುಗೆ, ಅಭಿಮಾನ, ಆರಾಧನೆ. ನಿಮ್ಮ ಹತ್ತಿರ ಇರುವ ಸಾಕ್ಷಿ ಒಂದು 'ಊ' ಮತ್ತು ಒಂದು 'ಮಾತ್ರ' ಆಗಿದ್ದರೆ ಕೆಳಗಿನ ಮೆಟ್ಟಿಲಲ್ಲೇ ನಿಲ್ಲಿ. ಮೇಲಿನ ಮೆಟ್ಟಿಲಿಗೆ ಹೋಗಲು ನೇರ ಬೈಗುಳ, ನೇರ ಹೊಗಳಿಕೆಯಂಥ ಗಟ್ಟಿ ಸಾಕ್ಷಿ ಬೇಕು. ಹಾಗೆಂದು 'ಸೌಮ್ಯವಾದದ್ದೇ ಯಾವಾಗಲೂ ಸರಿ' ಎಂಬ ಕೋಚಿಂಗ್ ಸೂತ್ರವನ್ನು ಕಣ್ಣುಮುಚ್ಚಿ ನಂಬಬೇಡಿ. ಬೆಟ್ಟವನ್ನು 'ಬಗೆದು ತಿಂದರು', 'ನುಂಗಿ ನೀರು ಕುಡಿದರು' ಎಂದು ಬರೆದಿದ್ದರೆ ಅಲ್ಲಿ 'ಅಸಮಾಧಾನ' ಎಂಬ ಆಯ್ಕೆಯೇ ತಪ್ಪು.

ಆಯ್ಕೆ ಎರಡು ಪದಗಳದ್ದಾಗಿದ್ದರೆ ಎರಡಕ್ಕೂ ಬೇರೆಬೇರೆ ಸಾಕ್ಷಿ ಕೇಳಿ. 'ಅನುಕಂಪಭರಿತ ಟೀಕೆ' ಎಂದಿದ್ದರೆ ಟೀಕೆಗೊಂದು ವಾಕ್ಯದ ಸಂಖ್ಯೆ, ಅನುಕಂಪಕ್ಕೊಂದು ವಾಕ್ಯದ ಸಂಖ್ಯೆ ತೋರಿಸಲು ಆಗಬೇಕು. ಅರ್ಧ ಸರಿಯಾದ ಆಯ್ಕೆ ಪೂರ್ತಿ ತಪ್ಪು.

'ತಟಸ್ಥ' ಎಂಬುದು ಏನೂ ಹೊಳೆಯದಾಗ ಬೀಳುವ ಬಾವಿ. ತಟಸ್ಥ ಎನ್ನಬೇಕಾದರೆ ಮೂರನೇ ಹಂತದ ಪರೀಕ್ಷೆಯಲ್ಲಿ ಒಂದು ತುಣುಕೂ ಸಿಗಬಾರದು. ಒಂದು ಸಿಕ್ಕರೂ ಅನುಮಾನಿಸಿ, ಎರಡು ಸಿಕ್ಕರೆ ಆ ಆಯ್ಕೆ ಬಿಡಿ. ಎರಡೂ ಕಡೆಯ ವಾದವನ್ನು ಕೊಟ್ಟಿದ್ದಾರೆ ಎಂಬುದಷ್ಟೇ ತಟಸ್ಥತೆಗೆ ಸಾಕ್ಷಿಯಲ್ಲ.

ನಮ್ಮ ಕಡೆಯವರು ಹೆಚ್ಚು ಬೀಳುವ ಗುಂಡಿ

ವಿಷಯ ನಿಮ್ಮ ಮನೆಯದೇ ಆಗಿದ್ದಾಗ ತಪ್ಪು ಹೆಚ್ಚು. ಸಿರವಾರದಲ್ಲೋ ಮಾನ್ವಿಯಲ್ಲೋ ಗದ್ದೆ ಇರುವವರು ಮೇಲಿನ ಮಾದರಿ ಓದಿದರೆ 'ಖಂಡನೆ' ಎನ್ನಲು ಕೈ ಹೋಗುತ್ತದೆ. ಗಂಗಾವತಿ, ಕಾರಟಗಿ ಕಡೆಯವರಿಗೆ 'ಸಮರ್ಥನೆ' ಹಿತವೆನಿಸುತ್ತದೆ. ಇಬ್ಬರೂ ಗುರುತಿಸುತ್ತಿರುವುದು ತಮ್ಮ ಧೋರಣೆಯನ್ನು. ಇದಕ್ಕೆ ಮದ್ದು ಸರಳ: ಆಯ್ಕೆ ಮಾಡಿದ ಮೇಲೆ ಗದ್ಯಭಾಗದ ಯಾವ ಪದ ಅದನ್ನು ಹೇಳಿತು ಎಂದು ಬೆರಳಿಟ್ಟು ತೋರಿಸಿ. ಬೆರಳು ಇಡಲು ಜಾಗ ಸಿಗದಿದ್ದರೆ ಆ ಉತ್ತರ ನಿಮ್ಮ ತಲೆಯಿಂದ ಬಂದದ್ದು.

ಇದರ ತಮ್ಮನಂಥ ಇನ್ನೊಂದು ತಪ್ಪು: ವಿಷಯದ ದುಃಖವನ್ನು ಲೇಖಕರ ದುಃಖ ಎಂದುಕೊಳ್ಳುವುದು. ಬರ, ಗುಳೆ, ಸಾವು ಎಂದ ಕೂಡಲೇ 'ಅನುಕಂಪ' ಗುರುತಿಸುತ್ತಾರೆ. ಎಷ್ಟು ಕುಟುಂಬ ಗುಳೆ ಹೋದವು, ಎಲ್ಲಿಗೆ, ಯಾವ ತಿಂಗಳಲ್ಲಿ ಎಂದಷ್ಟೇ ಒಣಗಿದ ವಾಕ್ಯಗಳಲ್ಲಿ ಬರೆದಿದ್ದರೆ ಅದು ವರದಿ. ವಿಷಯ ಎದೆ ಕಲಕಬಹುದು. ಬರೆದವರು ಕಲಕಿದ್ದಾರೆಯೇ ಎಂಬುದೇ ಪ್ರಶ್ನೆ.

ಅನುವಾದಿತ ಗದ್ಯಭಾಗ ಬಂದರೆ

ಕೆ-ಸೆಟ್‌ನ ಮೊದಲ ಪತ್ರಿಕೆಯಲ್ಲಿ ತಲಾ 2 ಅಂಕದ 50 ಪ್ರಶ್ನೆಗಳಿದ್ದು, ಗದ್ಯಭಾಗದ ಗ್ರಹಿಕೆಯೂ ಪಠ್ಯಕ್ರಮದ ಒಂದು ಘಟಕ. ಇಂಥ ದ್ವಿಭಾಷಾ ಪತ್ರಿಕೆಗಳಲ್ಲಿ ಕನ್ನಡದ ಗದ್ಯಭಾಗ ಇಂಗ್ಲಿಷಿನಿಂದ ಬಂದದ್ದಾಗಿದ್ದರೆ ಮೂರನೇ ಹಂತ ಅರ್ಧ ಮಾತ್ರ ಕೆಲಸ ಮಾಡುತ್ತದೆ. 'ಊ', 'ಏನೋ', 'ಬಂದೀತು' ಮುಂತಾದವು ಅನುವಾದದಲ್ಲಿ ಚಪ್ಪಟೆಯಾಗಿ 'ಸಹ', 'ಖಂಡಿತವಾಗಿ', 'ಬರಬಹುದು' ಆಗಿಬಿಟ್ಟಿರುತ್ತವೆ. ಅಲ್ಲಿ ಎರಡನೇ ಮತ್ತು ನಾಲ್ಕನೇ ಹಂತಗಳ ಮೇಲೆ ಹೆಚ್ಚು ಭಾರ ಹಾಕಿ: ಯಾರ ಮಾತು, 'ಆದರೆ' ಎಲ್ಲಿ, ಕೊನೆಯ ವಾಕ್ಯ ಏನೆನ್ನುತ್ತದೆ. ಗುಣವಾಚಕಗಳನ್ನೂ ನೋಡಿ, 'ಮಹತ್ವಾಕಾಂಕ್ಷೆಯ ಯೋಜನೆ' ಎಂಬುದು ಹೊಗಳಿಕೆಯೂ ಆಗಬಹುದು, ಕೈಗೆಟುಕದ್ದು ಎಂಬ ಕುಟುಕೂ ಆಗಬಹುದು. ಅನುಮಾನ ಬಂದ ಒಂದು ವಾಕ್ಯವನ್ನು ಮಾತ್ರ ಪಕ್ಕದ ಇಂಗ್ಲಿಷ್ ಪಠ್ಯದಲ್ಲಿ ನೋಡಿ. ಪೂರ್ತಿ ಎರಡು ಸಲ ಓದಲು ಹೋದರೆ ಸಮಯ ಸಾಲದು.

ಸಮಯ ಮತ್ತು ಊಹೆ

ಐದು ಪ್ರಶ್ನೆಗಳ ಒಂದು ಗದ್ಯಭಾಗಕ್ಕೆ ಆರರಿಂದ ಎಂಟು ನಿಮಿಷ ಇಟ್ಟುಕೊಳ್ಳಿ. ಧೋರಣೆಯ ಪ್ರಶ್ನೆಯನ್ನು ಕೊನೆಗೆ ಮಾಡಿ. ಉಳಿದ ನಾಲ್ಕನ್ನು ಮಾಡುವಷ್ಟರಲ್ಲಿ ವಾಕ್ಯಗಳು ಪರಿಚಯವಾಗಿರುತ್ತವೆ. ಒಂದೂವರೆ ನಿಮಿಷದಲ್ಲಿ ಬಗೆಹರಿಯದಿದ್ದರೆ ಬಿಟ್ಟು ಮುಂದೆ ಹೋಗಿ. ಪ್ರಶ್ನೆಪತ್ರಿಕೆಯ ಮೇಲೆ ಗೆರೆ ಎಳೆಯಬಹುದೇ ಎಂಬುದನ್ನು ಮುಖಪುಟದ ಸೂಚನೆಯಲ್ಲಿ ಮೊದಲೇ ಓದಿಕೊಳ್ಳಿ.

ಟಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಖಾಲಿ ಬಿಡುವ ಮಾತೇ ಇಲ್ಲ. ತಪ್ಪಿಗೆ ಕಾಲು ಅಂಕ ಕಳೆಯುವ ಪರೀಕ್ಷೆಯಾದರೆ ಲೆಕ್ಕ ಹೀಗಿದೆ: ಎರಡು ಆಯ್ಕೆಗಳನ್ನು ಸಾಕ್ಷಿಯೊಂದಿಗೆ ಹೊಡೆದುಹಾಕಿದ್ದರೆ, ಉಳಿದ ಎರಡರಲ್ಲಿ ಒಂದನ್ನು ಆರಿಸುವ ಇಂಥ 8 ಪ್ರಶ್ನೆಗಳಲ್ಲಿ ಸರಾಸರಿ 4 ಸರಿ, 4 ತಪ್ಪು, ಬರುವುದು 4, ಹೋಗುವುದು 1, ಕೈಯಲ್ಲಿ 3 ಅಂಕ. ಧೋರಣೆಯ ಪ್ರಶ್ನೆಯಲ್ಲಿ ಗುರಿ ತಪ್ಪಿದ ಒಂದು ಆಯ್ಕೆ ಮತ್ತು ದಿಕ್ಕು ತಪ್ಪಿದ ಒಂದು ಆಯ್ಕೆ ಬಹುತೇಕ ಸಿಕ್ಕೇ ಸಿಗುತ್ತವೆ.

ಅಭ್ಯಾಸಕ್ಕೆ

ಹಳೆಯ ಪ್ರಶ್ನೆಪತ್ರಿಕೆಗಳು ಬೇಗ ಮುಗಿದುಹೋಗುತ್ತವೆ. ಗ್ರಂಥಾಲಯದಲ್ಲಿ ಒಂದು ದಿನಪತ್ರಿಕೆ ಹಿಡಿದು, ಒಂದೇ ವಿಷಯದ ಮೇಲೆ ಬಂದ ಸುದ್ದಿ, ಸಂಪಾದಕೀಯ ಮತ್ತು ವಾಚಕರ ಪತ್ರ ಮೂರನ್ನೂ ಓದಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗಿನ ಹಳೆಯ ಸಂಚಿಕೆಗಳು ಸಿಕ್ಕರೆ ಇನ್ನೂ ಒಳ್ಳೆಯದು. (ಕ್ರಸ್ಟ್‌ಗೇಟ್ ಎಂದರೆ ಅಣೆಕಟ್ಟೆಯ ಮೇಲ್ಭಾಗದಿಂದ ನೀರು ಹೊರಬಿಡುವ ಬಾಗಿಲು.) ಸುದ್ದಿಯಲ್ಲಿ ಗೇಟಿನ ಸರಪಳಿ ತುಂಡಾಯಿತು ಎಂದಿದ್ದರೆ, ಬೇರೆ ಎರಡರಲ್ಲಿ ಆ ಒಂದು ಸಂಗತಿಗೆ ಯಾವ ತುಣುಕು ಅಂಟಿಕೊಂಡಿದೆ ನೋಡಿ, ಅದನ್ನು ವಹಿಯಲ್ಲಿ ಬರೆದು ಪಕ್ಕದಲ್ಲಿ ಗುರಿ ಮತ್ತು ಮೆಟ್ಟಿಲು ಗುರುತಿಸಿ. ದಿನಕ್ಕೆ ಒಂದು ವಿಷಯ ಸಾಕು. ನಿಮ್ಮ ಗುರುತನ್ನು ಜೊತೆಗೆ ಓದುವವರೊಬ್ಬರ ಗುರುತಿನೊಂದಿಗೆ ಹೋಲಿಸಿ. ಎಲ್ಲಿ ಬೇರೆಯಾಯಿತೋ ಅಲ್ಲಿ ಇಬ್ಬರೂ ಬೆರಳಿಟ್ಟು ತೋರಿಸಿ.